ವಿರಹದ ಪಾಠ ಹೇಳಿದ ಮೇಷ್ಟ್ರು

ವಿಶೇಷಣ ಕಂಡರೆ ನಮ್ಮ ಮೇಷ್ಟ್ರಿಗೆ ಕತ್ತಿನ ಮೇಲೆ ಜಿರಳೆ ಹರಿದಂತಾಗುತ್ತಿತ್ತು. ‘ಅದ್ಭುತವಾದ’, ‘ಹೃದಯಂಗಮವಾದ’, ‘ಅನುಪಮವಾದ’ ಎಂಬಂಥವು ನಮ್ಮ ಬರವಣಿಗೆಯಲ್ಲಿ ಸಿಕ್ಕಿದರೆ ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಅಂಚಿನಲ್ಲಿ ‘ಯಾರಿಗೆ?’ ಎಂದು ಬರೆಯುತ್ತಿದ್ದರು. ಕಡೂರಿನ ಕಾಲೇಜಿನಲ್ಲಿ ನಾನು ಬಿ.ಎ. ಓದುತ್ತಿದ್ದಾಗ, ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ, ನಮಗೆ ಕನ್ನಡ ಹೇಳುತ್ತಿದ್ದವರು ಅವರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮಗೆ ಯಾರಿಗೂ ಅವರನ್ನು ಹೆಸರು ಹಿಡಿದು ಕರೆದು ಅಭ್ಯಾಸವೂ ಇಲ್ಲ.

ಅವರ ಮನೆ ಅಜ್ಜಂಪುರದಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಬೀರೂರು ದಾಟಿ ಕಡೂರಿಗೆ ಬರುತ್ತಿದ್ದರು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ನಮ್ಮಪ್ಪ ಕಡೂರು ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ನಾವಿದ್ದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಹೀಗಾಗಿ ನಾನು ಮೇಷ್ಟ್ರನ್ನು ಮೊದಲು ನೋಡಿದ್ದು ತರಗತಿಯಲ್ಲಲ್ಲ, ಪ್ಲಾಟ್‌ಫಾರಮ್ಮಿನಲ್ಲಿ. ಬಿಳಿ ಷರಟು, ಖಾದಿ ಪಂಚೆ, ಕಂಕುಳಲ್ಲಿ ಕೊಡೆ. ಗಾಡಿ ಇಳಿದ ಕೂಡಲೇ ಹಿಂದಕ್ಕೆ ತಿರುಗಿ ಕೈ ಚಾಚುತ್ತಿದ್ದರು. ಆ ಕೈ ಹಿಡಿದು ಅವರ ಮಗಳು ಮಂಗಳ ಇಳಿಯುತ್ತಿದ್ದಳು. ಅವಳಿಗೆ ಇಳಿಯಲು ಯಾರ ಕೈಯೂ ಬೇಕಿರಲಿಲ್ಲ. ಚಿಕ್ಕಂದಿನಿಂದ ನಡೆದು ಬಂದದ್ದನ್ನು ಇಬ್ಬರೂ ನಿಲ್ಲಿಸಿರಲಿಲ್ಲ, ಅಷ್ಟೆ.

ಮಂಗಳ ನನ್ನ ಸಹಪಾಠಿ. ಪ್ಲಾಟ್‌ಫಾರಮ್ಮಿನಲ್ಲಿ “ಅಪ್ಪಾ” ಎನ್ನುತ್ತಿದ್ದವಳು ಕಾಲೇಜಿನ ಗೇಟು ದಾಟಿದರೆ “ಸಾರ್” ಎನ್ನುತ್ತಿದ್ದಳು. ಮೇಷ್ಟ್ರೂ ಅಷ್ಟೆ, ಅವಳನ್ನು ನಮ್ಮೆಲ್ಲರ ಹಾಗೆ “ಏನಮ್ಮ” ಎಂದೇ ಕರೆಯುತ್ತಿದ್ದರು.

ವಚನಗಳನ್ನು ಅವರು ರಾಗ ಹಾಕಿ ಓದುತ್ತಿರಲಿಲ್ಲ. ಯಾರಾದರೂ ಗಂಟಲು ಸರಿಮಾಡಿಕೊಂಡು ಹಾಡಲು ಹೊರಟರೆ ಕೈ ಎತ್ತಿ ನಿಲ್ಲಿಸುತ್ತಿದ್ದರು. “ಹಾಡಿದ್ರೆ ನಿನ್ ಗಂಟ್ಲು ಕೇಳುತ್ತೆ ಕಣಪ್ಪ, ಅವರ ಮಾತು ಕೇಳಲ್ಲ. ಅಂಗಡೀಲಿ ಬೇಳೆ ಕೇಳೋ ಹಾಗೆ ಓದು.” ಅವರು ಓದಿದಾಗ ನಿಜಕ್ಕೂ ಹಾಗೇ ಇರುತ್ತಿತ್ತು. ಹನ್ನೆರಡನೆಯ ಶತಮಾನದ ಹೆಂಗಸೊಬ್ಬಳು ಮುಂದಿನ ಬೆಂಚಿನ ಪಕ್ಕ ನಿಂತು ದೇವರನ್ನು ಹುಡುಕಿಕೊಂಡು ದಾರಿ ವಿಚಾರಿಸುತ್ತಿದ್ದಾಳೆ ಅನ್ನಿಸುತ್ತಿತ್ತು.

ಕೊನೆಯ ವರ್ಷ ನಮಗೆ ಒಂದು ದೊಡ್ಡ ಪ್ರಬಂಧ ಬರೆಯಲಿಕ್ಕಿತ್ತು. ಅವರು ಕೊಟ್ಟ ವಿಷಯ, ಮಧ್ಯಕಾಲದ ಕನ್ನಡ ಅನುಭಾವಿಗಳಲ್ಲಿ ವಿರಹದ ಮತ್ತು ಐಕ್ಯದ ಪ್ರತಿಮೆಗಳು. ವಿಷಯ ಬೋರ್ಡಿನ ಮೇಲೆ ಬಿದ್ದ ಕೂಡಲೇ ಹಿಂದಿನ ಬೆಂಚಿನ ಹುಡುಗರು ಮುಸಿಮುಸಿ ನಕ್ಕರು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು.

“ನಗ್ರಪ್ಪ, ತಪ್ಪಿಲ್ಲ. ಸಿನಿಮಾ ಹಾಡಲ್ಲಿರೋ ವಿರಹವೇ ಇಲ್ಲೂ ಇರೋದು. ಅರಮನೆ ಕವಿಗಳು ಬರ್ಕೊಂಡು ಬಂದಿದ್ದ ಚಂದ್ರ, ತಂಗಾಳಿ, ಗಿಳಿ, ಕೋಗಿಲೆ, ಎಲ್ಲಾನೂ ಇವರು ಎತ್ಕೊಂಡ್ರು. ಎತ್ಕೊಂಡು ಏನು ಮಾಡಿದ್ರು ಅನ್ನೋದು ನಿಮ್ಮ ಪ್ರಬಂಧ.”

ಆಮೇಲೆ ವಾರಗಟ್ಟಲೆ ಅವರು ನಮಗೆ ಕಲಿಸಿದ್ದು ಹೇಗೆ ನೋಡಬೇಕು ಎಂಬುದನ್ನು. ಕಾವ್ಯದ ವಿರಹಿಣಿಗೆ ನಲ್ಲ ಎಲ್ಲಿದ್ದಾನೆಂದು ಗೊತ್ತಿರುತ್ತದೆ, ಊರಿದೆ, ದಾರಿಯಿದೆ, ಸಂದೇಶ ಒಯ್ಯಲು ಹಂಸವೋ ಮೋಡವೋ ಇದೆ. ಅನುಭಾವಿ ಅದೇ ಗಿಳಿಯನ್ನು ಅದೇ ದುಂಬಿಯನ್ನು ಕೇಳಿದರೂ ಕಳುಹಿಸಲು ವಿಳಾಸವಿಲ್ಲ. ಅಲ್ಲಿ ಹಕ್ಕಿ ದೂತ, ಇಲ್ಲಿ ಹಕ್ಕಿ ಸಾಕ್ಷಿ. ಇದನ್ನು ಹೇಳಿ ಅವರು, “ಮಾತಾಡ್ತಿರೋದು ಯಾರು ನೋಡಿ” ಎನ್ನುತ್ತಿದ್ದರು. “ಗಂಡಸು ಬರೆದಿದ್ರೂ ಮಾತಾಡೋಳು ಹೆಣ್ಣು. ಶರಣ ಸತಿ, ಲಿಂಗ ಪತಿ ಅನ್ನೋ ಭಾವ. ಗಂಡಸು ಆ ಮಾತಾಡ್ಬೇಕಾದ್ರೆ ತನ್ನ ಗಂಡಸುತನಾನ ಕಳಚಿಡ್ಬೇಕು. ಹೆಂಗಸಿಗೆ ಆ ವೇಷ ಬೇಕಿಲ್ಲ. ಅವಳು ಬಿಡೋದು ಮನೇನ.”

ಮನೆ ಎಂಬುದಕ್ಕೂ ಅವರಲ್ಲಿ ಲೆಕ್ಕವಿತ್ತು. ವಚನಗಳಲ್ಲಿ ಬರುವ ಅತ್ತೆ ಎಂದರೆ ಮಾಯೆ, ಮಾವ ಎಂದರೆ ಸಂಸಾರ, ನಾದಿನಿ ಮೈದುನರು ಎಂದರೆ ಇಂದ್ರಿಯಗಳು, ವಾಸನೆಗಳು. ತಾಯಿ ತಂದೆ ಎಂದರೂ ಬಂಧನವೇ. ಎಲ್ಲರ ಕಣ್ಣು ತಪ್ಪಿಸಿ ಹೆಣ್ಣು ನಲ್ಲನ ಬಳಿ ಹೋಗಬೇಕು. ಬೋರ್ಡಿನ ಎಡಕ್ಕೆ ನೆಂಟರು, ಬಲಕ್ಕೆ ತತ್ವಗಳು, ನಡುವೆ ಗೆರೆ. ಪ್ರತಿ ವರ್ಷವೂ ಅದೇ ಗೆರೆ ಎಂದು ಸೀನಿಯರುಗಳು ಹೇಳುತ್ತಿದ್ದರು.

ವಿಭಕ್ತಿಯ ಪಾಠ ನನಗೆ ಇಂದಿಗೂ ಮರೆತಿಲ್ಲ. ವಿರಹದ ವಚನಗಳಲ್ಲಿ ‘ನಿನಗೆ’, ‘ನಿನ್ನನ್ನು’, ‘ನಿನ್ನಿಂದ’ ಎಂಬವು ಹೆಚ್ಚು, ಐಕ್ಯದ ಕಡೆ ಹೋದಂತೆ ‘ನಿನ್ನಲ್ಲಿ’ ಎಂಬುದು ಬರುತ್ತದೆ, ಎಲ್ಲ ಕಡೆ ಹೀಗೇ ಎಂದು ಬರೆದುಬಿಡಬೇಡಿ, ಆದರೆ ಗಮನಿಸಿ, ಎನ್ನುತ್ತಿದ್ದರು. ಕ್ರಿಯಾಪದಗಳೂ ಹಾಗೆ. ಕಾಯುವವಳು ನೋಡುತ್ತಾಳೆ, ಕೇಳುತ್ತಾಳೆ, ಅಲೆಯುತ್ತಾಳೆ. ಕೂಡಿದ ಮೇಲೆ ಅವಳು ಏನನ್ನೂ ಮಾಡುವುದಿಲ್ಲ. ಕರಗುತ್ತಾಳೆ, ಅಡಗುತ್ತಾಳೆ. ಭಕ್ತನಿಂದ ಐಕ್ಯದವರೆಗೆ ಆರು ಸ್ಥಲಗಳನ್ನು ಬರೆದು ಐದನೆಯದರ ಮೇಲೆ ಬೆರಳಿಡುತ್ತಿದ್ದರು. “ಹೆಂಡತಿ ಅನ್ನೋ ಮಾತು ಇಲ್ಲಿಗೆ, ಶರಣಸ್ಥಲಕ್ಕೆ, ನಿಲ್ಲುತ್ತೆ. ಆರನೇದರಲ್ಲಿ ಗಂಡನೂ ಇಲ್ಲ, ಹೆಂಡತೀನೂ ಇಲ್ಲ.” ಹಾಗೇ ಹರಿದಾಸರ ಹಾಡುಗಳನ್ನು ಇದರ ಜೊತೆ ಕಲಸಬೇಡಿ ಎಂದು ಎಚ್ಚರಿಸುತ್ತಿದ್ದರು. ಅಲ್ಲಿಯೂ ಗೋಪಿಯ ವಿರಹವಿದೆ, ಬಾ ಎಂಬ ಕರೆಯಿದೆ. ಆದರೆ ಜೀವ ದೇವರಾಗುವುದಿಲ್ಲ, ಹತ್ತಿರವಾಗುತ್ತದೆ, ಪಾದ ಹಿಡಿಯುತ್ತದೆ. ಆ ಮತದಲ್ಲಿ ಇಬ್ಬರು ಯಾವಾಗಲೂ ಇಬ್ಬರೇ.

ನನ್ನ ಪ್ರಬಂಧ ಕೆಂಪು ಗೆರೆಗಳಿಂದ ಮುಳ್ಳುಬೇಲಿಯ ಹಾಗೆ ಆಗಿ ವಾಪಸ್ಸು ಬಂತು. ಮಂಗಳನದನ್ನು ಮೇಷ್ಟ್ರು ತರಗತಿಯಲ್ಲಿ ಓದಲು ಹೇಳಿದರು.

ಅವಳು ಎತ್ತಿಕೊಂಡದ್ದು ಯಾರೂ ಯೋಚಿಸದ ಪ್ರಶ್ನೆ. ಶರಣರ ದೇವರು ದೂರದಲ್ಲಿಲ್ಲ. ಇಷ್ಟಲಿಂಗ ಎದೆಯ ಮೇಲೇ ಇರುತ್ತದೆ, ಪೂಜೆಯಲ್ಲಿ ಅಂಗೈಯ ಮೇಲೆ ಕೂರುತ್ತದೆ. ಅಂಗೈಯಲ್ಲಿರುವುದಕ್ಕೆ ವಿರಹ ಯಾಕೆ? ಹಾಗಾದರೆ ಈ ವಿರಹ ದೂರದ್ದಲ್ಲ, ಹತ್ತಿರದ್ದು, ಮುಟ್ಟಿಯೂ ಸೇರಲಾಗದ್ದು ಎಂದು ಅವಳು ಬರೆದಿದ್ದಳು. ಆಮೇಲೆ ಐಕ್ಯದ ಪ್ರತಿಮೆಗಳನ್ನು ಬೇರೆಬೇರೆ ಮಾಡಿದ್ದಳು. ಕರ್ಪೂರ ಮತ್ತು ಉರಿ, ಇಲ್ಲಿ ಒಂದು ಇನ್ನೊಂದರಲ್ಲಿ ಇಲ್ಲವಾಗುತ್ತದೆ, ಬೂದಿಯೂ ಉಳಿಯುವುದಿಲ್ಲ. ಆಲಿಕಲ್ಲು ಮತ್ತು ನೀರು, ಇಲ್ಲಿ ಇಲ್ಲವಾಗುವುದು ಆಕಾರ ಮಾತ್ರ, ಮೊದಲೂ ಅದು ನೀರೇ. ಹೂವು ಮತ್ತು ಪರಿಮಳ, ಇವು ಎಂದೂ ಎರಡಾಗಿರಲೇ ಇಲ್ಲ. ಮೂರನ್ನೂ ‘ಐಕ್ಯ’ ಎಂಬ ಒಂದೇ ಡಬ್ಬಕ್ಕೆ ಹಾಕುವುದು ತಪ್ಪು ಎಂದಳು. ಕೊನೆಗೆ ಓದಿದಳು: ಕರ್ಪೂರ ಉರಿದು ಮುಗಿದ ಮೇಲೆ ಮಾತಾಡಲು ಕರ್ಪೂರ ಇರುವುದಿಲ್ಲ. ಹಾಗಿದ್ದರೆ ಐಕ್ಯದ ವಚನ ಹೇಳುತ್ತಿರುವವರು ಯಾರು? ಇನ್ನೂ ಉರಿಯುತ್ತಿರುವವರು. ಆದ್ದರಿಂದ ಐಕ್ಯದ ವಚನವೂ ವಿರಹದ ವಚನವೇ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

“ಇರಲಿ” ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. “ಕೊನೇ ವಾಕ್ಯ ತೆಗಿಯಮ್ಮ. ಪ್ರಬಂಧದಲ್ಲಿ ‘ನಾನು’ ಬರಬಾರದು. ಅನುಭವ ವಚನಕಾರರದು. ನಿನ್ನದು ಓದು.”

“ತೆಗೀಬೇಕಾ ಸಾರ್?”

“ತೆಗೀಬೇಕು.”

ಅವಳು ಅಲ್ಲೇ ನಿಂತು, ಬೆಂಚಿನ ಮೇಲೆ ಹಾಳೆಯಿಟ್ಟು, ಆ ವಾಕ್ಯದ ಮೇಲೆ ಗೆರೆ ಎಳೆದಳು. ಮೇಷ್ಟ್ರ ಮುಖದಲ್ಲಿದ್ದ ಹೆಮ್ಮೆ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಪರೀಕ್ಷೆ ಮುಗಿಯುವ ಹೊತ್ತಿಗೆ ಮಂಗಳನಿಗೆ ತರೀಕೆರೆಯಿಂದ ಗಂಡು ಬಂತು. ಒಳ್ಳೆಯ ಮನೆತನ, ಹುಡುಗ ತಾಲ್ಲೂಕು ಕಚೇರಿಯಲ್ಲಿದ್ದ. ನೋಡುವ ಶಾಸ್ತ್ರ ಆಯಿತು, ನಿಶ್ಚಿತಾರ್ಥಕ್ಕೆ ದಿನ ಇಟ್ಟರು. ಅವಳು ಬೇಡವೆಂದು ಎರಡು ಸಲ ಅಮ್ಮನಿಗೆ ಹೇಳಿದ್ದಳಂತೆ. ಮದುವೆಗೆ ಮುಂಚೆ ಹೆಣ್ಣುಮಕ್ಕಳು ಹೇಳುವ ಮಾತು ಎಂದು ಅವರು ನಕ್ಕಿದ್ದರು. ಸಖರಾಯಪಟ್ಟಣದ ಆಚೆ, ಗುಡ್ಡದ ಮಗ್ಗುಲಲ್ಲಿ, ವಯಸ್ಸಾದ ವಿರಕ್ತೆಯೊಬ್ಬರು ನಾಲ್ಕಾರು ಹೆಂಗಸರ ಜೊತೆ ಸಣ್ಣ ಮಠ ಮಾಡಿಕೊಂಡಿದ್ದರು. ಜನ ಅವರನ್ನು ಅವ್ವನವರು ಎನ್ನುತ್ತಿದ್ದರು. ಪ್ರಬಂಧ ಬರೆಯುವಾಗ ಮಂಗಳ ಏನೋ ಕೇಳಬೇಕೆಂದು ಅಲ್ಲಿಗೆ ಹೋಗಿ ಬಂದಿದ್ದಳು. ಆಮೇಲೂ ಹೋಗುತ್ತಿದ್ದಳು. ಮೇಷ್ಟ್ರಿಗೆ ಗೊತ್ತಿತ್ತು. ಒಳ್ಳೆಯ ವಿದ್ಯಾರ್ಥಿನಿ ಅಂದುಕೊಂಡಿದ್ದರು.

ಕೊನೆಯ ಪರೀಕ್ಷೆಯ ದಿನ ಸಂಜೆ ನಾವು ಮೂವರೂ ಪ್ಲಾಟ್‌ಫಾರಮ್ಮಿನಲ್ಲಿದ್ದೆವು. ಅಜ್ಜಂಪುರದ ಗಾಡಿಗೆ ಗಂಟೆ ಹೊಡೆದಿತ್ತು. ನಮ್ಮಪ್ಪ ಆ ತುದಿಯಲ್ಲಿ ಬಾವುಟ ಹಿಡಿದು ನಿಂತಿದ್ದರು.

“ಅಪ್ಪಾ, ನಾನಿವತ್ತು ಮನೆಗೆ ಬರಲ್ಲ” ಅಂದಳು ಮಂಗಳ.

“ಪದ್ಮನ ಮನೇಲಿ ಉಳ್ಕೊತೀಯಾ?” ಎಂದರು ನನ್ನ ಕಡೆ ಕೈ ತೋರಿಸಿ. “ಅಮ್ಮನಿಗೆ ಹೇಳಿದೀಯಾ?”

“ಅಮ್ಮನಿಗೆ ಬೆಳಿಗ್ಗೆ ಹೇಳಿದೀನಿ, ಅತ್ತಳು. ಅವ್ವನವರ ಹತ್ರ ಹೋಗ್ತೀನಿ. ಸಖರಾಯಪಟ್ಟಣದ ಬಸ್ಸು ಇನ್ನೇನು ಹೊರಡುತ್ತೆ. ಮದ್ವೆ ಬೇಡಪ್ಪಾ. ಈ ಹುಡುಗ ಅಂತಲ್ಲ. ನಂಗೆ ಆಗಿದೆ.”

“ಏನಾಗಿದೆ?”

“ಮದ್ವೆ.”

ಮೇಷ್ಟ್ರು ನನ್ನ ಮುಖ ನೋಡಿದರು, ನಾನೇನೋ ಅರ್ಥ ಹೇಳುತ್ತೇನೆಂಬಂತೆ. ಆಮೇಲೆ ಮಗಳ ಕಡೆ ತಿರುಗಿ, ಪಾಠ ಮಾಡುವ ದನಿಯಲ್ಲೇ ಶುರುಮಾಡಿದರು. “ನೋಡು, ಅದೊಂದು ಭಾವ. ಹನ್ನೆರಡನೇ ಶತಮಾನದಲ್ಲಿ, ಒಂದು ದರ್ಶನದ ಒಳಗೆ…” ಅಲ್ಲಿಗೆ ದನಿ ಬಿರಿಯಿತು. “ಪ್ರಬಂಧ ಬೇರೆ, ಬದುಕು ಬೇರೆ ಕಣೇ!”

“ನೀವೇ ಅಲ್ವಾ ಕಲಿಸಿದ್ದು?”

“ನಾನು ಓದೋದನ್ನ ಕಲಿಸ್ದೆ ಕಣೇ ಮಗಾ. ಓದೋದನ್ನ ಅಷ್ಟೇ.”

ಗಾಡಿ ಬಂತು, ನಿಂತಿತು. ಮಂಗಳ ಬಗ್ಗಿ ಅವರ ಕಾಲು ಮುಟ್ಟಿದಳು. ಅವರು ಅವಳ ತೋಳು ಹಿಡಿದರು, ಬಿಗಿಯಾಗಿಯೇ ಹಿಡಿದರು. ಜನ ನೋಡುತ್ತಿದ್ದರು. ಬೇರೆ ತಂದೆಯಾಗಿದ್ದರೆ ಎಳೆದು ಗಾಡಿ ಹತ್ತಿಸುತ್ತಿದ್ದರೇನೋ. ಇವರು ಹಿಡಿದ ಕೈಯನ್ನು ತಾವೇ ನೋಡಿಕೊಂಡು ಬಿಟ್ಟರು. ಅವಳು ಓವರ್‌ಬ್ರಿಜ್ ಹತ್ತಿ ಹೋದಳು. ಗಾಡಿಯೂ ಹೋಯಿತು. ಮೇಷ್ಟ್ರು ಯಾವ ಗಾಡಿಯನ್ನೂ ಹತ್ತದೆ ನಮ್ಮ ಮನೆಯ ಜಗಲಿಯ ಮೇಲೆ ಬೆಳಗಿನವರೆಗೆ ಕೂತಿದ್ದರು. ನಮ್ಮಮ್ಮ ಕೊಟ್ಟ ಕಾಫಿ ಆರಿಹೋಯಿತು. ಅವರ ಜಾತಿಯ ಹಿರಿಯರು ನಮ್ಮ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಅದಕ್ಕೇ ಕುಡಿಯಲಿಲ್ಲವೇನೋ ಎಂದು ಅಮ್ಮ ಒಳಗೆ ಬಂದು ಮೆಲ್ಲಗೆ ಅಂದರೆ, ಅಪ್ಪ, “ಥೂ, ಸುಮ್ನಿರೇ. ಆ ಮನುಷ್ಯಂಗೆ ಮುಂದೆ ಲೋಟ ಇರೋದೇ ಕಾಣ್ತಿಲ್ಲ” ಅಂದರು.

ಮೊದಲ ಸಲ ಮಗಳನ್ನು ಕರೆತರಲು ಹೋದವರು ಒಬ್ಬರೇ ವಾಪಸ್ಸು ಬಂದರು. ಅವ್ವನವರು ಆಕೆಯನ್ನು ತಡೆದಿರಲಿಲ್ಲ, ಇವರನ್ನೂ ತಡೆದಿರಲಿಲ್ಲ. ಒಂದು ವರ್ಷ ಕಾಯಲಿ, ಆಮೇಲೂ ಮನಸ್ಸಿದ್ದರೆ ದೀಕ್ಷೆ ಎಂದಿದ್ದರು. ಆ ವರ್ಷವೆಲ್ಲ ಮೇಷ್ಟ್ರು ಮಗಳು ಬರುತ್ತಾಳೆಂದೇ ನಂಬಿದ್ದರು. ನಾನು ಅದೇ ಕಾಲೇಜಿನಲ್ಲಿ ಸಣ್ಣ ಕೆಲಸಕ್ಕೆ ಸೇರಿದ್ದೆ. ಸಂಜೆ ಗಾಡಿಗೆ ಮುಂಚೆ ಅವರು ಬಸ್‌ಸ್ಟ್ಯಾಂಡಿನ ಕಡೆಯಿಂದ ಬರುವುದನ್ನು ನೋಡುತ್ತಿದ್ದೆ. ಅವರ ದಾರಿ ಅದಲ್ಲ.

ದೀಕ್ಷೆಯ ದಿನ ಅವರು, ಅವರ ಹೆಂಡತಿ, ನಾನು ಹೋದೆವು. ತರೀಕೆರೆಯವರು ಮಾನ ಹೋಯಿತೆಂದು ಕೂಗಾಡಿದ್ದರಿಂದ ನೆಂಟರು ಯಾರೂ ಬರಲಿಲ್ಲ. ಮಠವೆಂದರೆ ಹೆಂಚಿನ ಉದ್ದನೆಯ ಮನೆ, ಹಿಂದೆ ತೆಂಗಿನ ಸಾಲು. ಮಂಗಳ ಬಿಳಿ ಸೀರೆಯುಟ್ಟು ಬಂದಳು, ಕೂದಲನ್ನು ಗಿಡ್ಡಕ್ಕೆ ಕತ್ತರಿಸಿದ್ದರು. ಶಾಸ್ತ್ರ ಮುಗಿದ ಮೇಲೆ ಒಬ್ಬ ಹೆಂಗಸು ಮೇಷ್ಟ್ರ ಬಳಿ ಬಂದು, “ತಂದೆಯವರು ಮೊದಲು ನಮಸ್ಕಾರ ಮಾಡ್ಬೇಕು, ಬನ್ನಿ” ಎಂದರು. ದೀಕ್ಷೆಯಾದ ಮೇಲೆ ಮಗಳು ತಂದೆಗೆ ಬಗ್ಗುವಂತಿಲ್ಲ, ತಂದೆ ಮಗಳಿಗೆ ಬಗ್ಗಬೇಕು. ಇದು ಮೇಷ್ಟ್ರಿಗೆ ತಿಳಿಯದ ವಿಷಯವಲ್ಲ. ಆದರೂ ಆ ಕ್ಷಣ ಅವರು ಸುತ್ತ ನೋಡಿದರು. ಆಮೇಲೆ ಕೊಡೆಯನ್ನು ನನ್ನ ಕೈಗೆ ಕೊಟ್ಟು, ಮೊಣಕಾಲೂರಿ, ನೆಲಕ್ಕೆ ಹಣೆ ಹಚ್ಚಿದರು. ಏಳುವಾಗ ಕಷ್ಟವಾಯಿತು. ಮಂಗಳನ ಕೈ ಮುಂದೆ ಬಂತು, ಅರ್ಧಕ್ಕೆ ನಿಂತಿತು. ಪಕ್ಕದವರು ಅದರಲ್ಲಿ ವಿಭೂತಿಯ ತಟ್ಟೆ ಇಟ್ಟರು.

ಅವರ ಹೆಂಡತಿ ಬಗ್ಗಲು ಆಗದೆ ಕಂಬ ಹಿಡಿದು ನಿಂತೇ ಇದ್ದರು. ಬಸ್ಸಿನಲ್ಲಿ ಬರುವಾಗ ಅವರೊಂದು ಮಾತು ಹೇಳಿದರು. “ಅವಳ ಕಾಲಲ್ಲಿ ಚೈನಿನ ಗುರುತು ಇನ್ನೂ ಹಾಗೇ ಇದೆ ನೋಡಿದ್ರಾ?”

ಮುಂದಿನ ವಾರ ಅವರು ಕೊನೆಯ ವರ್ಷದವರಿಗೆ ಅದೇ ಪಾಠ ತೆಗೆದುಕೊಂಡರು. ನಾನು ಹಾಜರಿ ಪುಸ್ತಕ ಕೊಡಲು ಹೋದವಳು ಬಾಗಿಲಲ್ಲೇ ನಿಂತೆ. ಬೋರ್ಡಿನ ಎಡಕ್ಕೆ ಅತ್ತೆ, ಮಾವ, ತಾಯಿ, ತಂದೆ ಎಂದು ಬರೆದಾಗಿತ್ತು. ನಡುವೆ ಗೆರೆಯೂ ಇತ್ತು. ಬಲಗಡೆ ಖಾಲಿ. ಸೀಮೆಸುಣ್ಣ ಹಿಡಿದ ಕೈ ಮೇಲೆತ್ತಿದಂತೆಯೇ ನಿಂತಿತ್ತು.

“ಇಷ್ಟು ವರ್ಷ ಇಲ್ಲಿ ‘ಬಂಧನ’ ಅಂತ ಬರೆಸಿದೀನಿ” ಅಂದರು, ಬೋರ್ಡಿಗೆ ಮುಖ ಮಾಡಿಕೊಂಡೇ. “ಸರಿಯಾದ ಅರ್ಥವೇ. ಪರೀಕ್ಷೇಲಿ ಹಾಗೇ ಬರೀರಿ, ಮಾರ್ಕ್ಸ್ ಬರುತ್ತೆ. ಆದ್ರೆ ಈ ಎಡಗಡೆ ಇರೋರು ಬರೀ ಪ್ರತಿಮೆ ಅಲ್ಲ ಕಣ್ರಪ್ಪಾ. ಆ ಹುಡುಗಿ ಬಾಗಿಲು ದಾಟಿದ ಮೇಲೆ ಇವರು ಏನು ಮಾಡಿದ್ರು, ಊಟ ಮಾಡಿದ್ರೋ ಇಲ್ವೋ, ಒಬ್ಬನೂ ಬರೀಲಿಲ್ಲ. ನಾನೂ ಕೇಳ್ಲಿಲ್ಲ.”

ಹುಡುಗರಿಗೆ ಎಲ್ಲರಿಗೂ ಸಂಗತಿ ತಿಳಿದಿತ್ತು. ಯಾರೂ ತಲೆ ಎತ್ತಲಿಲ್ಲ. ಮೇಷ್ಟ್ರು ಬಲಗಡೆಯಲ್ಲಿ ‘ಬಂಧನ’ ಎಂದು ಬರೆದು, ಸೀಮೆಸುಣ್ಣ ಇಟ್ಟು, ಗಂಟೆಗೆ ಮುಂಚೆಯೇ ಹೊರಗೆ ಹೋದರು.

ಆ ವರ್ಷ ಅವರು ಕೇಳಿ ತರೀಕೆರೆಗೆ ವರ್ಗ ಮಾಡಿಸಿಕೊಂಡರು. ಮಗಳನ್ನು ಕೊಡಬೇಕಾಗಿದ್ದ ಊರಿಗೆ, ಬೀದಿಯಲ್ಲಿ ಮುಖ ತಿರುಗಿಸುವವರ ನಡುವೆ ಯಾಕೆ ಹೋಗುತ್ತೀರಿ ಎಂದು ನಾನು ಕೇಳಿದೆ. “ಇಲ್ಲಿ ಸಖರಾಯಪಟ್ಟಣದ ಬೋರ್ಡು ಹಾಕಿರೋ ಬಸ್ಸು ದಿನಾ ಕಣ್ಣಿಗೆ ಬೀಳುತ್ತೆ ಕಣಮ್ಮ” ಅಂದರು. “ಹತ್ತೋಕೂ ಆಗಲ್ಲ, ಬಿಡೋಕೂ ಆಗಲ್ಲ.” ತರೀಕೆರೆಯಲ್ಲಿ ಅವರು ಒಳ್ಳೆಯ ಮೇಷ್ಟ್ರೆಂದೇ ಹೆಸರಾದರು ಎಂದು ಕೇಳಿದೆ. ಮಂಗಳನಿಗೆ ಗೊತ್ತಾಗಿದ್ದ ಆ ಹುಡುಗನ ತಮ್ಮನೂ ಅವರ ವಿದ್ಯಾರ್ಥಿಯಾಗಿದ್ದನಂತೆ. ಮೊದಲ ದಿನ ಹಾಜರಿ ಕರೆಯುವಾಗ ಅವನ ಮನೆತನದ ಹೆಸರು ಬಂದಾಗ ಒಂದು ಗಳಿಗೆ ನಿಂತು, “ಅಣ್ಣಂಗೆ ಮದ್ವೆ ಆಯ್ತಾ?” ಎಂದು ಕೇಳಿದರಂತೆ. ಆಯಿತು, ಒಂದು ಮಗುವಿದೆ ಎಂದಾಗ, “ಸಂತೋಷ ಕಣಪ್ಪ” ಎಂದವರು ನಿಜವಾಗಿಯೂ ಸಂತೋಷಪಟ್ಟಂತೆ ಕಂಡಿತಂತೆ.

ನಾನು ಎಂ.ಎ. ಮುಗಿಸಿ ಕಡೂರಿನಲ್ಲೇ ಕನ್ನಡ ಹೇಳಲು ಸೇರಿದ ಮೇಲೆ, ಎಂಬತ್ತರ ನಡುವಿನಲ್ಲಿ, ಅಜ್ಜಂಪುರಕ್ಕೆ ಆಗಾಗ ಹೋಗುತ್ತಿದ್ದೆ. ಅವರು ನಿವೃತ್ತರಾಗಿದ್ದರು. ಒಂದು ಮಧ್ಯಾಹ್ನ ಹೋದಾಗ ಜಗಲಿಯ ಮೇಲೆ ಕೂತು ದಾಸರ ಹಾಡುಗಳನ್ನು ಓದುತ್ತಿದ್ದರು. ಶೈವ ಮನೆಯಲ್ಲಿ, ಮಠದ ಪಟಗಳ ಕೆಳಗೆ! ನನಗೆ ನಗು ಬಂತು.

“ಇದೇನ್ ಸಾರ್, ಎರಡನ್ನೂ ಕಲಸಬೇಡಿ ಅಂತಿದ್ದೋರು ನೀವು?”

“ಕಲಸ್ತಿಲ್ಲ ಕಣಮ್ಮ. ಆ ಮನೆ ಬಿಟ್ಟು ಈ ಮನೆಗೆ ಬಂದಿದೀನಿ.” ಪುಸ್ತಕದೊಳಗೆ ಬೆರಳಿಟ್ಟು ಮುಚ್ಚಿದರು. “ನಮ್ಮ ಶರಣರಲ್ಲಿ ದೇವರು ಗಂಡ. ಪ್ರೀತಿ ಮಾಡೋಳು ಹೆಂಡತಿ. ಹೆತ್ತೋರು ಅಡ್ಡಿ. ಇಲ್ಲಿ ನೋಡು, ದೇವರು ಮಗು. ತಾಯಿ ತೂಗ್ತಾಳೆ, ಗದರ್ತಾಳೆ, ಎಲ್ಲಿ ಹೋದ ಅಂತ ಬೀದಿ ಬೀದಿ ಕೂಗ್ತಾಳೆ. ಅವಳ ಸಂಕಟವೇ ಭಕ್ತಿ. ವಾತ್ಸಲ್ಯ ಅಂತ ಒಂದು ಸಾಲಲ್ಲಿ ಹೇಳಿ ಮುಂದಕ್ಕೆ ಹೋಗ್ಬಿಡ್ತಿದ್ದೆ ತರಗತೀಲಿ. ಹೆತ್ತೋರಿಗೆ ಇಲ್ಲಿ ಕೂರೋಕೆ ಜಾಗ ಇದೆ.”

“ಹಾಗಾದ್ರೆ ಸಮಾಧಾನ ಸಿಕ್ತಾ ಸಾರ್?”

ಅವರು ಬೀದಿಯ ಕಡೆ ನೋಡಿದರು. “ಎಲ್ಲಿ ಸಿಗುತ್ತಮ್ಮ. ಆ ಮಗೂನೂ ಮಧುರೆಗೆ ಹೋಗಿಬಿಡುತ್ತೆ. ಹೋದದ್ದು ವಾಪಸ್ ಗೋಕುಲಕ್ಕೆ ಬರಲ್ಲ. ಕತೆ ಗೊತ್ತಿದ್ದೂ ಓದ್ತೀನಿ.”

ಮಗಳನ್ನು ನೋಡಲು ಅವರು ವರ್ಷಕ್ಕೊಮ್ಮೆ, ಮಠದ ದಾಸೋಹದ ದಿನ, ಜನದ ನಡುವೆ ಹೋಗಿ ಬರುತ್ತಿದ್ದರು. ಸಾಲಿನಲ್ಲಿ ನಿಂತು ನಮಸ್ಕಾರ ಮಾಡಿ, ವಿಭೂತಿ ತೆಗೆದುಕೊಂಡು, ಊಟದ ಪಂಕ್ತಿಯಲ್ಲಿ ಕೂತು ಎದ್ದು ಬರುತ್ತಿದ್ದರು. ಮಾತಾಡಿದಿರಾ ಎಂದು ಕೇಳಿದರೆ, “ಸಾರು ಬಡಿಸಿದ್ರು” ಎನ್ನುತ್ತಿದ್ದರು. ಬಡಿಸಿದಳು ಎನ್ನುತ್ತಿರಲಿಲ್ಲ.

ಅವರು ಹೋದದ್ದು ಎಂಬತ್ತರ ದಶಕ ಮುಗಿಯುವ ಮುಂಚೆ, ಒಂದು ಬೇಸಿಗೆಯಲ್ಲಿ. ಎದೆ ನೋವೆಂದು ಮಲಗಿದವರು ಏಳಲಿಲ್ಲ. ಕೊನೆಯ ಮಾತು ಎಂಬಂಥದ್ದೇನೂ ಇಲ್ಲ. ಹೆಂಡತಿಯನ್ನು ಬಿಸಿನೀರು ಕೇಳಿದರಂತೆ. ನನಗೆ ಸುದ್ದಿ ಬಂದು ಅಜ್ಜಂಪುರ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಬಂದವರು ಲಿಂಗೈಕ್ಯರಾದರು ಎನ್ನುತ್ತಿದ್ದರು. ಮೇಷ್ಟ್ರ ಹೆಂಡತಿ, ನಾವು ಅಮ್ಮನವರು ಎನ್ನುತ್ತಿದ್ದವರು, ಗೋಡೆಗೆ ಒರಗಿ ಕೂತಿದ್ದರು. ಮಠಕ್ಕೆ ಯಾರೂ ತಿಳಿಸಿರಲಿಲ್ಲ. ವಿರಕ್ತರಿಗೆ ಸೂತಕವಿಲ್ಲ, ತಿಳಿಸಿ ಏನು ಮಾಡುವುದು ಎಂದು ಹಿರಿಯರು ಅಂದಿದ್ದರಂತೆ. ನಾನು ಮಾರನೆಯ ದಿನ ಬೆಳಿಗ್ಗೆ ಹೊರಟೆ.

ಮಠದಲ್ಲಿ ಮಂಗಳ ಹಿತ್ತಲಿನಲ್ಲಿ ತೆಂಗಿನಗರಿ ಹೆಣೆಯುತ್ತಿದ್ದಳು. ಅವ್ವನವರು ಹೋದ ಮೇಲೆ ಈಗ ಅವಳೇ ಅಲ್ಲಿಗೆ ಹಿರಿಯಳು. ಜನ ಅವಳನ್ನೂ ಅವ್ವನವರೇ ಎನ್ನುತ್ತಿದ್ದರು. ನಾನು ಹಾಗೆ ಕರೆಯಲು ಹೋಗಿ, ಬಾಯಿ ಬರದೆ, “ಮಂಗಳಾ, ಮೇಷ್ಟ್ರು ಹೋಗ್ಬಿಟ್ರು ಕಣೇ” ಎಂದುಬಿಟ್ಟೆ.

ಅವಳು ಹಿಡಿದ ಗರಿಯನ್ನು ಪೂರ್ತಿ ಹೆಣೆದು ಪಕ್ಕಕ್ಕಿಟ್ಟಳು. ಕೈ ತೊಳೆದುಕೊಂಡು ಬಂದು ಬಾವಿಯ ಕಟ್ಟೆಯ ಮೇಲೆ ಕೂತಳು. ನನ್ನನ್ನೂ ಕೂರಿಸಿದಳು.

“ಅವರಿಗೆ ಒಂದು ಮಾತು ಹೇಳ್ಬೇಕು ಅಂತಿದ್ದೆ” ಅಂದಳು ಆಮೇಲೆ. “ಪ್ರತಿ ದಾಸೋಹಕ್ಕೂ ಅಂದ್ಕೊತಿದ್ದೆ. ಜನ ಇರ್ತಿದ್ರು. ಅವರು ತಲೆ ಎತ್ತಿ ನೋಡ್ತಿರಲಿಲ್ಲ.”

“ಏನು?”

“ನಂಗೆ ಆಗಿಲ್ಲ ಕಣೇ ಪದ್ಮಾ. ಹತ್ತು ವರ್ಷದ ಹತ್ರ ಆಯ್ತು. ಪೂಜೆಗೆ ಕೂರ್ತೀನಿ, ಅಂಗೈ ನೋಡ್ತೀನಿ. ಒಂದೊಂದ್ಸಲ ಏನೋ ಹತ್ರ ಬಂದ ಹಾಗಾಗುತ್ತೆ, ಆಮೇಲೆ ಬರೀ ಕೈ. ಜನ ಬಂದು ಕಾಲಿಗೆ ಬೀಳ್ತಾರೆ, ಕೂಡಿದೋಳು ಅಂತ. ನಾನಿನ್ನೂ ಕಾಯ್ತಾನೇ ಇದೀನಿ. ಬಂದದ್ದು ತಪ್ಪು ಅಂತಲ್ಲ. ಬೇರೆ ಕಡೆ ಇರೋಕೆ ನಂಗೆ ಆಗ್ತಿರಲಿಲ್ಲ. ಆದ್ರೆ ಅವರನ್ನ ಅಷ್ಟು ನೋಯಿಸಿ ಬಂದು, ಸಿಕ್ಕಿಲ್ಲ ಅಂತ ಹೇಗೆ ಹೇಳ್ಲಿ? ಸಿಕ್ಕಿದೆ ಅಂದ್ಕೊಂಡಾದ್ರೂ ಸಮಾಧಾನವಾಗಿರ್ಲಿ ಅಂತ ಸುಮ್ನಿದ್ದೆ.”

ನನಗೆ ಜಗಲಿಯ ಮೇಲಿನ ಮಧ್ಯಾಹ್ನ ನೆನಪಾಯಿತು, ಆದರೆ ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಒಳ್ಳೆಯದಾಗುತ್ತಿತ್ತೋ ಇನ್ನಷ್ಟು ನೋವಾಗುತ್ತಿತ್ತೋ, ಈಗಲೂ ಗೊತ್ತಿಲ್ಲ. ಇಬ್ಬರೂ ಒಂದೇ ಕಾಯಿಲೆಯಲ್ಲಿ ಹತ್ತು ವರ್ಷ ನರಳಿದ್ದರು. ನಡುವೆ ಒಂದು ಬಸ್ಸಿನ ದಾರಿ ಇತ್ತು, ಅಷ್ಟೆ.

“ಅಮ್ಮ ಊಟ ಮಾಡಿದ್ಲಾ?” ಅವಳು ಇದ್ದಕ್ಕಿದ್ದಂತೆ ಕೇಳಿದಳು.

“ಇಲ್ಲ.”

ಮಂಗಳ ಎದ್ದಳು. ಒಳಗೆ ಹೋಗಿ ಇನ್ನೊಬ್ಬಳಿಗೆ ಏನೋ ಹೇಳಿ, ಚೀಲವೂ ಇಲ್ಲದೆ ಬಂದಳು. ಹೋಗಬಹುದೇ, ಹೋಗಬಾರದೇ ಎಂದು ಯಾರನ್ನೂ ಕೇಳಲಿಲ್ಲ. ಕಡೂರಿನಲ್ಲಿ ಗಾಡಿಗೆ ಕಾಯುವಾಗ ಬಿಳಿ ಸೀರೆ ಕಂಡು ಇಬ್ಬರು ಬಂದು ಕಾಲು ಮುಟ್ಟಿದರು. ಅವಳು ಅವರ ಕಡೆ ನೋಡಲೂ ಇಲ್ಲ.

ಅಜ್ಜಂಪುರದ ಮನೆಯಲ್ಲಿ ಅಮ್ಮನವರು ಅದೇ ಗೋಡೆಗೆ ಒರಗಿ ಕೂತಿದ್ದರು. ಬಾಗಿಲಲ್ಲಿ ಬಿಳಿ ಸೀರೆ ಕಂಡು ಗಾಬರಿಯಿಂದ, “ಬನ್ನಿ ಅವ್ವಾರೇ” ಎನ್ನುತ್ತ ನೆಲಕ್ಕೆ ಕೈಯೂರಿ ಏಳಲು ಹೊರಟರು. ಮಂಗಳ ಬಂದು ಪಕ್ಕದಲ್ಲಿ ಬರಿನೆಲದ ಮೇಲೆ ಕೂತು, ಅವರ ತೊಡೆಯ ಮೇಲೆ ತಲೆಯಿಟ್ಟಳು. ಅಲ್ಲಿದ್ದ ನೆಂಟರೆಲ್ಲ ದಿಗಿಲಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಅಮ್ಮನವರ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು, ಮುಟ್ಟಬಹುದೋ ಬಾರದೋ ಎಂಬಂತೆ. ಆಮೇಲೆ ಆ ಗಿಡ್ಡ ಕೂದಲಿನ ಮೇಲೆ ಇಳಿಯಿತು. ಬೆರಳುಗಳು ಮೆಲ್ಲಗೆ ಬುಡ ಬಿಡಿಸಿ ನೋಡತೊಡಗಿದವು.

“ತಲೆ ಎಣ್ಣೆ ಕಂಡು ಎಷ್ಟು ದಿನ ಆಯ್ತೇ?” ಎಂದರು.

ಮಂಗಳ ಅಳಲು ಶುರುಮಾಡಿದಳು. ಒಳಗಿನಿಂದ ಯಾರೋ ಎಣ್ಣೆಯ ಬಟ್ಟಲು ತಂದು ಪಕ್ಕದಲ್ಲಿಟ್ಟು ಹೋದರು. ಜಗಲಿಯ ಮೇಲೆ ಮೇಷ್ಟ್ರು ಕೂರುತ್ತಿದ್ದ ಜಾಗದಲ್ಲಿ ಆ 
ಹೊತ್ತಿನ ಬಿಸಿಲು ಬಿದ್ದಿತ್ತು. ನೋಡಲು ಅವರು ಇರಲಿಲ್ಲ.